ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಮಲಯಾಳಂ: ದಿನಕ್ಕೆ ಅರ್ಧ ಗಂಟೆಯ ಕಲಿಕೆಯ ಒಂದು ಪ್ರಕರಣ

ಕೊಡಗಿನ ದಕ್ಷಿಣದ ಪೇಟೆಗಳಲ್ಲಿ, ಅಂದರೆ ವಿರಾಜಪೇಟೆ, ಗೋಣಿಕೊಪ್ಪ, ಸಿದ್ದಾಪುರ, ಕುಟ್ಟದಂತಹ ಕಡೆಗಳಲ್ಲಿ, ಅಂಗಡಿಯ ಕೌಂಟರಿನ ಹಿಂದೆ ನಿಲ್ಲುವವರಿಗೆ ಕನ್ನಡ, ಕೊಡವ ತಕ್ಕ್, ಮಲಯಾಳಂ ಮೂರೂ ಬೇಕಾಗುತ್ತವೆ. ಮಾಕುಟ್ಟದ ಘಟ್ಟ ಇಳಿದರೆ ಕಣ್ಣೂರು ಜಿಲ್ಲೆ, ಕುಟ್ಟ ದಾಟಿದರೆ ವಯನಾಡು. ಇಲ್ಲೇ ಹುಟ್ಟಿ ಬೆಳೆದವರಿಗೆ ಮಲಯಾಳಂ ಯಾರೂ ಕಲಿಸದೆಯೇ ಕಿವಿಗೆ ಬಿದ್ದು ಬಂದಿರುತ್ತದೆ. ನಡುವಯಸ್ಸಿನಲ್ಲಿ ಹೊರಗಿನಿಂದ ಬಂದು ಸೇರಿದವರಿಗೆ ಹಾಗೆ ಬರುವುದಿಲ್ಲ, ಅವರು ಕುಳಿತು ಕಲಿಯಬೇಕು. ಈ ಪ್ರಕರಣ ಅಂತಹ ಒಬ್ಬರದು.

ಅವರು ನಲವತ್ತರ ಸಮೀಪದ ಫಾರ್ಮಸಿಸ್ಟ್. ಸೋಮವಾರಪೇಟೆ ಕಡೆಯವರು, ಮನೆಮಾತು ಕನ್ನಡ. ಗಂಡನ ಕೆಲಸದ ನಿಮಿತ್ತ ವಿರಾಜಪೇಟೆಗೆ ಬಂದು, ಅಲ್ಲಿನ ಒಂದು ಮೆಡಿಕಲ್ ಶಾಪಿನಲ್ಲಿ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟೂವರೆಯವರೆಗೆ ಕೆಲಸ ಮಾಡುತ್ತಾರೆ. ಶಾಲೆಗೆ ಹೋಗುವ ಇಬ್ಬರು ಮಕ್ಕಳಿದ್ದಾರೆ, ಜೊತೆಯಲ್ಲಿ ಅತ್ತೆಯವರೂ ಇದ್ದಾರೆ. ಗಿರಾಕಿಗಳಲ್ಲಿ ಮಲಯಾಳಂ ಮಾತನಾಡುವವರು ಬಂದಾಗಲೆಲ್ಲ ಅವರು ಅಂಗಡಿಯ ಸಹಾಯಕ ಹುಡುಗನನ್ನು ಕರೆಯಬೇಕಾಗುತ್ತಿತ್ತು. ಆತ ಒಳಗೆ ಸ್ಟಾಕ್ ಜೋಡಿಸುತ್ತಿದ್ದರೆ ಗಿರಾಕಿ ಕಾಯಬೇಕು, ಇವರು ಸುಮ್ಮನೆ ನಿಂತಿರಬೇಕು. ಮಲಯಾಳಂ ಕಲಿಯಲು ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಸಮಯ ಯಾವ ರೀತಿಯಲ್ಲಿ ಲೆಕ್ಕ ಹಾಕಿದರೂ ಸಿಗುವಂತಿರಲಿಲ್ಲ. ವಯಸ್ಕರಿಗೆ ಭಾಷೆ ಕಲಿಸುವ ಕೆಲಸದಲ್ಲಿರುವ ನನ್ನ ಬಳಿ ಅವರು ಬಂದದ್ದು ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ, ಸೆಪ್ಟೆಂಬರಿನಲ್ಲಿ.

ಮೊದಲ ಪ್ರಯತ್ನ ಎಲ್ಲಿ ಮುರಿಯಿತು

ಬರುವ ಮೊದಲೇ ಅವರು ತಮ್ಮಷ್ಟಕ್ಕೆ ಒಮ್ಮೆ ಪ್ರಯತ್ನಿಸಿದ್ದರು. ಜೂನ್ ತಿಂಗಳಿನಿಂದ ರಾತ್ರಿ ಊಟವಾದ ಮೇಲೆ, ಒಂಬತ್ತೂವರೆಯ ನಂತರ, ಮೊಬೈಲಿನಲ್ಲಿ ಪಾಠದ ವಿಡಿಯೊ ನೋಡಿ, ದಿನಕ್ಕೆ ಹನ್ನೆರಡು ಹೊಸ ಪದಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಹಿಂದೆ ಬರೆದದ್ದನ್ನು ಆಗಾಗ ತಿರುವಿಹಾಕುತ್ತಿದ್ದರು. ಮೊದಲ ವಾರ ಬಹಳ ಸಲೀಸಾಗಿ ಹೋಯಿತು. ನಾಲ್ಕನೆಯ ವಾರದಲ್ಲಿ ನೋಟ್‌ಬುಕ್ ಮುಚ್ಚಿದ್ದು ಮತ್ತೆ ತೆರೆಯಲಿಲ್ಲ. ತಮಗೆ ನೆನಪಿನ ಶಕ್ತಿ ಕಡಿಮೆಯಾಗಿದೆ ಎಂಬುದು ಅವರ ತೀರ್ಮಾನವಾಗಿತ್ತು. ನೋಟ್‌ಬುಕ್ ನೋಡಿದ ಮೇಲೆ ನನಗೆ ಹಾಗೆ ಅನ್ನಿಸಲಿಲ್ಲ. ತಪ್ಪಿದ್ದದ್ದು ಲೆಕ್ಕದಲ್ಲಿ.

ಕಲಿತದ್ದನ್ನು ಮರೆಯುವ ವೇಗ ಮೊದಲಿಗೆ ಹೆಚ್ಚು, ಬರಬರುತ್ತ ಕಡಿಮೆ ಎಂಬುದನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತಮ್ಮ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ್ದರು. ಅದನ್ನು ಅನುಸರಿಸಿ ಪುನರಾವರ್ತನೆಯ ನಡುವಿನ ಅಂತರವನ್ನು ಹಿಗ್ಗಿಸುತ್ತ ಹೋಗುವ ಪದ್ಧತಿ ಬಂದಿತು. ಪ್ರಶ್ನೆ, ಉತ್ತರ ಬರೆದ ಕಾರ್ಡುಗಳನ್ನು ಐದು ಖಾನೆಗಳಲ್ಲಿಟ್ಟು ಇದನ್ನು ಕೈಯಲ್ಲೇ ಮಾಡಬಹುದಾದ ವಿಧಾನವನ್ನು ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಜನಪ್ರಿಯಗೊಳಿಸಿದರು. ನಾವು ಬಳಸುವ ಅಂತರಗಳು ಒಂದು, ಎರಡು, ನಾಲ್ಕು, ಎಂಟು, ಹದಿನಾರು ದಿನಗಳು. ಇಂದು ಬರೆದ ಕಾರ್ಡ್ ನಾಳೆ ಒಮ್ಮೆ ಕೈಗೆ ಬರುತ್ತದೆ, ಉತ್ತರ ಸರಿಯಾದರೆ ಮುಂದಿನ ಖಾನೆಗೆ ಹೋಗಿ ಮೂರನೆಯ ದಿನ ಬರುತ್ತದೆ, ಆಮೇಲೆ ಏಳನೆಯ, ಹದಿನೈದನೆಯ, ಕೊನೆಗೆ ಮೂವತ್ತೊಂದನೆಯ ದಿನ. ತಪ್ಪಾದ ಕಾರ್ಡ್ ಯಾವ ಖಾನೆಯಲ್ಲಿದ್ದರೂ ಮೊದಲನೆಯ ಖಾನೆಗೆ ಹಿಂತಿರುಗುತ್ತದೆ.

ಈ ಲೆಕ್ಕದ ಒಂದು ಗುಣವನ್ನು ಹೊಸಬರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಪುನರಾವರ್ತನೆಯ ಹೊರೆ ಮೊದಲ ವಾರದಲ್ಲಿ ಅದರ ನಿಜವಾದ ಪ್ರಮಾಣದಲ್ಲಿ ಕಾಣಿಸುವುದೇ ಇಲ್ಲ. ದಿನಕ್ಕೆ ಹನ್ನೆರಡು ಹೊಸ ಕಾರ್ಡ್ ಸೇರಿಸಿದರೆ, ಮೊದಲೆರಡು ದಿನ ಹನ್ನೆರಡನ್ನು ಮಾತ್ರ ತಿರುವಬೇಕು. ಮೂರನೆಯ ದಿನದಿಂದ ಇಪ್ಪತ್ತನಾಲ್ಕು, ಏಳನೆಯ ದಿನದಿಂದ ಮೂವತ್ತಾರು, ಹದಿನೈದನೆಯ ದಿನದಿಂದ ನಲವತ್ತೆಂಟು, ತಿಂಗಳು ದಾಟಿದ ಮೇಲೆ ಅರವತ್ತು. ಒಂದನ್ನೂ ಮರೆಯದಿದ್ದರೆ ಇಷ್ಟು. ಮರೆತವು ಹಿಂದಕ್ಕೆ ಬಂದು ಸೇರಿದಾಗ ಇನ್ನೂ ಹೆಚ್ಚು. ಒಂದು ಕಾರ್ಡಿಗೆ ಹದಿನೈದು ಸೆಕೆಂಡ್ ಹಿಡಿದರೂ ಅರವತ್ತಕ್ಕೆ ಕಾಲು ಗಂಟೆ, ಮರೆತವುಗಳನ್ನೂ ಸೇರಿಸಿದರೆ ಇಪ್ಪತ್ತು ನಿಮಿಷ. ಅರ್ಧ ಗಂಟೆಯಲ್ಲಿ ಉಳಿದ ಹತ್ತು ನಿಮಿಷದಲ್ಲಿ ಹನ್ನೆರಡು ಹೊಸದನ್ನು ಕಲಿತು, ಕೇಳುವ ಮತ್ತು ಮಾತನಾಡುವ ಅಭ್ಯಾಸವನ್ನೂ ಮಾಡುವುದು ಸಾಧ್ಯವಿಲ್ಲ. ಅವರು ಖಾನೆಗಳ ಪದ್ಧತಿಯನ್ನು ಬಳಸಿರಲಿಲ್ಲ ಎಂಬುದು ನಿಜ, ಆದರೆ ನೋಟ್‌ಬುಕ್ಕಿನ ಪುಟಗಳೂ ಇದೇ ರೀತಿ ದಪ್ಪವಾಗುತ್ತ ಹೋಗಿದ್ದವು. ಮೊದಲ ವಾರದ ಹಗುರವನ್ನು ನೋಡಿ ನಿಗದಿ ಮಾಡಿದ ವೇಗ ನಾಲ್ಕನೆಯ ವಾರದಲ್ಲಿ ಕುಸಿಯುವುದು ಇದರಿಂದಲೇ. ನನ್ನ ಅನುಭವದಲ್ಲಿ ಕೆಲಸಕ್ಕೆ ಹೋಗುವವರು ಕಲಿಕೆ ಬಿಡುವುದು ಹೆಚ್ಚಾಗಿ ಈ ಮೂರನೆಯ ಮತ್ತು ಐದನೆಯ ವಾರಗಳ ನಡುವೆಯೇ, ಮತ್ತು ಬಹುತೇಕ ಎಲ್ಲರೂ ದೂರುವುದು ತಮ್ಮ ನೆನಪನ್ನು.

ಆದ್ದರಿಂದ ನಾವು ಮೊದಲು ನಿಗದಿಪಡಿಸಿದ್ದು ಒಂದೇ ಸಂಖ್ಯೆಯನ್ನು: ದಿನಕ್ಕೆ ಐದು ಹೊಸ ಕಾರ್ಡ್, ಭಾನುವಾರ ಹೊಸದಿಲ್ಲ. ತಿಂಗಳ ನಂತರ ಪೂರ್ಣ ಹೊರೆ ಇಪ್ಪತ್ತೈದರ ಆಸುಪಾಸು, ಮರೆತವು ಸೇರಿ ಮೂವತ್ತೈದು. ಎಂಟೊಂಬತ್ತು ನಿಮಿಷದ ಕೆಲಸ. ಮೊದಲ ವಾರದಲ್ಲಿ ಸಮಯ ಮಿಕ್ಕುತ್ತದೆ, ಆಗ ಹೊಸ ಕಾರ್ಡ್ ಸೇರಿಸಬೇಕು ಎಂಬ ಆಸೆ ಬರುತ್ತದೆ, ಸೇರಿಸಬಾರದು ಎಂದು ಮೊದಲೇ ಹೇಳಿಟ್ಟಿದ್ದೆ. ಆ ಮಿಕ್ಕ ಸಮಯ ಕಿವಿಗೆ.

ಅರ್ಧ ಗಂಟೆಯನ್ನು ಮೂರು ಕಡೆ ಇಟ್ಟದ್ದು

ಎರಡನೆಯ ತೀರ್ಮಾನ, ರಾತ್ರಿಯ ಹೊತ್ತನ್ನು ಬಿಡುವುದು. ಹನ್ನೊಂದೂವರೆ ಗಂಟೆ ನಿಂತು ಕೆಲಸ ಮಾಡಿ ಬಂದವರಿಗೆ ಊಟದ ನಂತರ ಉಳಿಯುವ ಅರ್ಧ ಗಂಟೆ ಹೆಸರಿಗೆ ಮಾತ್ರ ಅರ್ಧ ಗಂಟೆ. ಅವರ ದಿನಚರಿಯನ್ನು ಇಬ್ಬರೂ ಕುಳಿತು ನೋಡಿದಾಗ ಒಟ್ಟಾಗಿ ಮೂವತ್ತು ನಿಮಿಷ ಎಲ್ಲಿಯೂ ಸಿಗಲಿಲ್ಲ, ಆದರೆ ಬಿಡಿಬಿಡಿಯಾಗಿ ಮೂರು ಕಡೆ ಸಿಕ್ಕಿತು. ಬೆಳಿಗ್ಗೆ ಮಕ್ಕಳು ಏಳುವ ಮೊದಲು ಕಾಫಿ ಕುಡಿಯುವ ಹೊತ್ತಿನಲ್ಲಿ ಹನ್ನೆರಡು ನಿಮಿಷ, ಮಧ್ಯಾಹ್ನ ಎರಡೂವರೆಯ ನಂತರ ಗಿರಾಕಿಗಳು ಕಡಿಮೆಯಿರುವಾಗ ಹದಿಮೂರು ನಿಮಿಷ, ರಾತ್ರಿ ಶಟರ್ ಅರ್ಧ ಇಳಿಸಿ ಲೆಕ್ಕ ಮುಗಿಸುವಾಗ ಐದು ನಿಮಿಷ.

ಈ ಮೂರಕ್ಕೂ ಬೇರೆಬೇರೆ ಕೆಲಸ ಕೊಟ್ಟೆವು. ಬೆಳಿಗ್ಗೆ ಹಳೆಯ ಕಾರ್ಡುಗಳು ಮಾತ್ರ. ಮಧ್ಯಾಹ್ನ ಐದು ಹೊಸ ಕಾರ್ಡುಗಳನ್ನು ಬರೆಯುವುದು ಮತ್ತು ಅವನ್ನು ಸಹಾಯಕನ ಜೊತೆ ಗಟ್ಟಿಯಾಗಿ ಆಡುವುದು. ರಾತ್ರಿಯ ಐದು ನಿಮಿಷ, ಆ ದಿನ ಕೌಂಟರಿನಲ್ಲಿ ಅರ್ಥವಾಗದೆ ಹೋದದ್ದನ್ನು, ಅಥವಾ ಹೇಳಬೇಕೆಂದಿದ್ದು ಹೇಳಲಾಗದೆ ಉಳಿದದ್ದನ್ನು, ಕನ್ನಡದಲ್ಲೇ ಒಂದೆರಡು ಸಾಲು ಬರೆದಿಡುವುದು. ಮರುದಿನ ಮಧ್ಯಾಹ್ನದ ಹೊಸ ಕಾರ್ಡುಗಳು ಈ ಸಾಲುಗಳಿಂದಲೇ ಹುಟ್ಟಬೇಕು, ಪಾಠದ ವಿಡಿಯೊದಿಂದಲ್ಲ. ನೋಡುವುದಕ್ಕೆ ಇದು ಸಣ್ಣ ನಿಯಮ, ಆದರೆ ಇಡೀ ಯೋಜನೆಯಲ್ಲಿ ಹೆಚ್ಚು ಫಲ ಕೊಟ್ಟದ್ದು ಇದೇ ಎಂದು ನಾನು ಈಗಲೂ ತಿಳಿದಿದ್ದೇನೆ. ಅವರ ಹಳೆಯ ನೋಟ್‌ಬುಕ್ಕಿನಲ್ಲಿ ನವಿಲು, ಅರಮನೆ, ಮುತ್ತಜ್ಜನ ಮಲಯಾಳಂ ಪದಗಳಿದ್ದವು. ‘ಯಾರಿಗೆ ಔಷಧಿ?’ ಎಂದು ಕೇಳುವ ವಾಕ್ಯವಿರಲಿಲ್ಲ.

ಕಾರ್ಡಿನ ಮೇಲೆ ಬಿಡಿ ಪದಕ್ಕಿಂತ ಪೂರ್ಣ ವಾಕ್ಯವೇ ಇರಬೇಕೆಂದು ಒಪ್ಪಿಕೊಂಡೆವು. ಮೊದಲ ವಾರದ ಕಾರ್ಡುಗಳು ಹೀಗಿದ್ದವು: ‘ಆರ್ಕ್ಕಾಣ್?’ ಅಂದರೆ ಯಾರಿಗೆ, ‘ಪನಿಯುಂಡೋ?’ ಅಂದರೆ ಜ್ವರ ಇದೆಯೇ, ‘ಎತ್ರ ದಿವಸಮಾಯಿ?’ ಅಂದರೆ ಎಷ್ಟು ದಿನವಾಯಿತು, ‘ವೇರೆ ಮರುನ್ನ್ ಕೞಿಕ್ಕುನ್ನುಂಡೋ?’ ಅಂದರೆ ಬೇರೆ ಔಷಧಿ ತೆಗೆದುಕೊಳ್ಳುತ್ತಿದ್ದೀರಾ, ‘ಒನ್ನೂಡೆ ಪರಯಾಮೋ?’ ಅಂದರೆ ಇನ್ನೊಮ್ಮೆ ಹೇಳುತ್ತೀರಾ. ಎರಡನೆಯ ವಾರದಲ್ಲಿ ಹೇಳಬೇಕಾದ ಮಾತುಗಳು ಬಂದವು: ‘ರಾವಿಲೆ ಒನ್ನ್, ರಾತ್ರಿ ಒನ್ನ್’ ಅಂದರೆ ಬೆಳಿಗ್ಗೆ ಒಂದು, ರಾತ್ರಿ ಒಂದು, ‘ಭಕ್ಷಣಂ ಕೞಿಞ್ಞಿಟ್ಟ್’ ಅಂದರೆ ಊಟವಾದ ಮೇಲೆ, ‘ಭಕ್ಷಣತ್ತಿನ್ ಮುಂಬ್’ ಅಂದರೆ ಊಟಕ್ಕೆ ಮೊದಲು. ಮೊದಲ ದಿನದಿಂದಲೇ ಬಳಕೆಗೆ ಬಂದದ್ದು ಇನ್ನೊಮ್ಮೆ ಹೇಳಿ ಎನ್ನುವ ವಾಕ್ಯ. ಗಿರಾಕಿ ಎರಡನೆಯ ಸಲ ಹೇಳುವಾಗ ತಾನಾಗಿಯೇ ನಿಧಾನಿಸುತ್ತಾನೆ.

ಲಿಪಿಯ ವಿಷಯದಲ್ಲಿ ನನ್ನ ನಿಲುವು ಕೆಲವರಿಗೆ ಒಪ್ಪಿಗೆಯಾಗದಿರಬಹುದು. ದಿನಕ್ಕೆ ಅರ್ಧ ಗಂಟೆಯೇ ಇರುವಾಗ, ಗುರಿ ಕೌಂಟರಿನ ಮಾತೇ ಆಗಿರುವಾಗ, ಮೊದಲ ತಿಂಗಳುಗಳಲ್ಲಿ ಮಲಯಾಳಂ ಲಿಪಿಯನ್ನು ಮುಟ್ಟಬೇಕಿಲ್ಲ. ವೈದ್ಯರ ಚೀಟಿ ಹೇಗೂ ಇಂಗ್ಲಿಷಿನಲ್ಲಿರುತ್ತದೆ. ಕನ್ನಡ ಲಿಪಿಯಲ್ಲಿಯೇ ಬರೆದುಕೊಂಡರೆ ಸಾಕು, ಆದರೆ ಒಂದು ಅಕ್ಷರವನ್ನು ಹಳಗನ್ನಡದಿಂದ ಎರವಲು ತರಬೇಕು, ಅದು ೞ. ಕನ್ನಡದಲ್ಲಿ ಈ ಧ್ವನಿ ಬಹಳ ಹಿಂದೆಯೇ ಳಕಾರದಲ್ಲಿ ಸೇರಿಹೋಯಿತು, ಮಲಯಾಳಂನಲ್ಲಿ ಉಳಿದುಕೊಂಡಿದೆ. ‘ಮರುನ್ನ್ ಕೞಿಚ್ಚೋ?’ ಎಂದರೆ ಔಷಧಿ ತೆಗೆದುಕೊಂಡಿರಾ ಎಂದು. ಅದನ್ನೇ ‘ಕಳಿಚ್ಚೋ?’ ಎಂದರೆ ಆಡಿದಿರಾ ಎಂದು. ಅವರು ಮೊದಲ ಎರಡು ವಾರ ಎರಡನೆಯದನ್ನೇ ಹೇಳುತ್ತಿದ್ದರು, ಗಿರಾಕಿಗಳು ನಕ್ಕು ಉತ್ತರ ಕೊಡುತ್ತಿದ್ದರು. ಕಾರ್ಡಿನಲ್ಲಿ ಳಕಾರದ ಬದಲು ೞ ಬರೆಯತೊಡಗಿದ ಮೇಲೆ ಅಲ್ಲಿ ನಾಲಿಗೆ ಬೇರೆ ರೀತಿ ಮಡಚಬೇಕು ಎಂಬುದು ಕಣ್ಣಿಗೆ ಬಿದ್ದು, ತಪ್ಪು ತಿದ್ದಿಕೊಂಡಿತು.

ಕಾರ್ಡಿಲ್ಲದೆ ಸಿಗುವ ಪದಗಳು

ಕನ್ನಡಿಗರು ಮಲಯಾಳಂ ಕಲಿಯುವಾಗ ಅರ್ಧ ಗಂಟೆಯನ್ನು ಎಲ್ಲಿ ಖರ್ಚು ಮಾಡಬಾರದು ಎಂಬುದೂ ಲೆಕ್ಕದ ಭಾಗವೇ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಯಿತು, ಮಲಯಾಳಂನಲ್ಲಿ ಹಾಗೆಯೇ ಉಳಿಯಿತು. ನಮ್ಮ ಬಕಾರ ಇರುವಲ್ಲಿ ಅವರಲ್ಲಿ ವಕಾರ. ಇಕಾರ ಎಕಾರಗಳ ಮುಂದಿನ ನಮ್ಮ ಕಕಾರಕ್ಕೆ ಅನೇಕ ಕಡೆ ಚಕಾರ. ಈ ಮೂರು ಹೊಂದಿಕೆಗಳನ್ನು ಒಂದು ಮಧ್ಯಾಹ್ನ ಹೇಳಿಕೊಟ್ಟರೆ ಔಷಧಿ ಅಂಗಡಿಗೆ ಬೇಕಾದ ದೇಹದ ಭಾಗಗಳು ಬಹುಪಾಲು ತಾವಾಗಿಯೇ ಸಿಗುತ್ತವೆ: ಹಲ್ಲು ಪಲ್ಲ್, ಬಾಯಿ ವಾಯ್, ಕಿವಿ ಚೆವಿ. ತಲೆ, ಕಣ್ಣು, ಕೈ, ಕಾಲುಗಳಿಗೆ ಹೊಂದಿಕೆಯೂ ಬೇಡ. ಇವುಗಳ ಮುಂದೆ ವೇದನ ಸೇರಿಸಿದರೆ ನೋವಿನ ಪಟ್ಟಿ ಮುಗಿಯಿತು. ಮಾತ್ರೆಗೆ ಅವರು ಗುಳಿಗ ಎನ್ನುತ್ತಾರೆ, ನಮ್ಮ ಗುಳಿಗೆಯೇ. ಹೊಟ್ಟೆಗೆ ವಯರ್, ಕೆಮ್ಮಿಗೆ ಚುಮ, ಇವಕ್ಕೆ ಮಾತ್ರ ಕಾರ್ಡ್ ಬೇಕು.

ಕ್ರಿಯಾಪದದಲ್ಲಿಯೂ ಒಂದು ಉಳಿತಾಯವಿದೆ. ಹೋದೆ, ಹೋದ, ಹೋದಳು, ಹೋದರು ಎಂದು ನಾವು ಬದಲಿಸುವಲ್ಲಿ ಮಲಯಾಳಂನಲ್ಲಿ ಎಲ್ಲರಿಗೂ ಪೋಯಿ ಒಂದೇ. ಆದ್ದರಿಂದ ಒಂದು ಕ್ರಿಯೆಗೆ ನಾಲ್ಕು ಕಾರ್ಡ್ ಬರೆಯುವ ಪ್ರಶ್ನೆಯೇ ಇಲ್ಲ.

ಸಮಯ ತಿಂದದ್ದು ಹತ್ತಿರದ ಹಾಗೆ ಕಾಣುವ, ಆದರೆ ಬೇರೆ ಅರ್ಥದ ಮಾತುಗಳು. ‘ಇನ್ನಲೆ ಮುದಲ್’ ಎಂದು ಗಿರಾಕಿ ಹೇಳಿದರೆ ನಿನ್ನೆಯಿಂದ ಎಂದರ್ಥ, ಅವರ ಕಿವಿ ಅದನ್ನು ಇಂದಿನಿಂದ ಎಂದು ಹಿಡಿಯುತ್ತಿತ್ತು. ‘ಇನ್ನ್’ ಎಂದರೆ ಇಂದು, ‘ಇನ್ನಲೆ’ ನಿನ್ನೆ, ‘ಮಿನಿಞ್ಞಾನ್ನ್’ ಮೊನ್ನೆ. ಜ್ವರ ಎಷ್ಟು ದಿನದಿಂದ ಎಂಬ ಪ್ರಶ್ನೆಯ ಉತ್ತರದಲ್ಲಿ ಇದು ತಪ್ಪಿದರೆ, ಅಂಗಡಿಯಲ್ಲೇ ಏನಾದರೂ ಕೊಡಬಹುದೋ ವೈದ್ಯರ ಬಳಿ ಕಳಿಸಬೇಕೋ ಎಂಬ ತೀರ್ಮಾನವೇ ತಪ್ಪುತ್ತದೆ. ಈ ಮೂರಕ್ಕೆ ಬರೆದ ಕಾರ್ಡುಗಳು ಮೊದಲ ಖಾನೆಗೆ ಎಷ್ಟು ಸಲ ಹಿಂತಿರುಗಿದವೆಂದರೆ, ಕೊನೆಗೆ ಅವುಗಳ ಅಂಚು ಮೆತ್ತಗಾಗಿತ್ತು.

ಪೆಟ್ಟಿಗೆಯಲ್ಲಿ ಕಂಡ ಎರಡು ದೋಷಗಳು

ಪೆಟ್ಟಿಗೆಯನ್ನು ಅವರೇ ಮಾಡಿಕೊಂಡಿದ್ದರು. ಮಾತ್ರೆಯ ಸ್ಟ್ರಿಪ್‌ಗಳು ಬರುವ ಐದು ಖಾಲಿ ಡಬ್ಬಗಳನ್ನು ಸಾಲಾಗಿ ಅಂಟಿಸಿ, ಸಿರಪ್ ಡಬ್ಬಗಳ ರಟ್ಟನ್ನು ಕತ್ತರಿಸಿ ಕಾರ್ಡ್ ಮಾಡಿದ್ದರು. ಒಂದು ಬದಿಗೆ ಬಿಳಿ ಕಾಗದ ಅಂಟಿಸಿ ಕನ್ನಡವನ್ನೂ ಮಲಯಾಳವನ್ನೂ ಅದರ ಮೇಲೆಯೇ ಮೇಲೆ ಕೆಳಗೆ ಬರೆದು, ಕೆಳಭಾಗವನ್ನು ಬೆರಳಿನಿಂದ ಮುಚ್ಚಿ ಓದುತ್ತಿದ್ದರು. ಖರ್ಚಿಲ್ಲದ, ಅಚ್ಚುಕಟ್ಟಾದ ವ್ಯವಸ್ಥೆ. ಆದರೆ ಐದನೆಯ ವಾರದ ಹೊತ್ತಿಗೆ ಒಂದು ವಿಚಿತ್ರ ಕಾಣಿಸಿತು. ಬೆಳಿಗ್ಗೆ ಪೆಟ್ಟಿಗೆಯೆದುರು ಸರಿಯಾಗಿ ಹೇಳುತ್ತಿದ್ದ ವಾಕ್ಯ ಮಧ್ಯಾಹ್ನ ನಾನು ಬಾಯಿಮಾತಿನಲ್ಲಿ ಕೇಳಿದರೆ ಬರುತ್ತಿರಲಿಲ್ಲ. ಕುಳಿತು ನೋಡಿದಾಗ ಕಾರಣ ಗೊತ್ತಾಯಿತು. ರಟ್ಟಿನ ಹಿಂಬದಿಯ ಬಣ್ಣದ ಅಂಚು ಕಾಣುತ್ತಿದ್ದುದರಿಂದ, ಕೆಮ್ಮಿನ ಸಿರಪ್ಪಿನ ಕಿತ್ತಳೆ ಬಣ್ಣದ ಕಾರ್ಡ್ ಕೈಗೆ ಬಂದ ಕೂಡಲೇ ಉತ್ತರ ಹೊಳೆಯುತ್ತಿತ್ತು. ಅವರು ವಾಕ್ಯವನ್ನು ನೆನೆಯುತ್ತಿರಲಿಲ್ಲ, ರಟ್ಟನ್ನು ಗುರುತಿಸುತ್ತಿದ್ದರು. ಯಾವ ಕಾರ್ಡ್ ಪದ್ಧತಿಯಲ್ಲಾದರೂ ಇಂತಹ ಸುಳಿವುಗಳು ನುಸುಳುತ್ತವೆ. ಕೊಳೆಯಾದ ಮೂಲೆ, ಹಸಿರು ಶಾಯಿ, ಯಾವಾಗಲೂ ಜೊತೆಯಲ್ಲಿಯೇ ಬರುವ ಎರಡು ಕಾರ್ಡ್, ಹೀಗೆ. ಪತ್ತೆ ಮಾಡುವ ಉಪಾಯ ಸುಲಭ: ವಾರಕ್ಕೊಮ್ಮೆ ಬೇರೆ ಯಾರಾದರೂ ಕಾರ್ಡನ್ನು ತೋರಿಸದೆ ಓದಿ ಕೇಳಬೇಕು. ಬೆಳಿಗ್ಗೆಯ ಪೆಟ್ಟಿಗೆಗೂ ಈ ಕೇಳ್ವಿಗೂ ದೊಡ್ಡ ಅಂತರ ಬಂದರೆ ಕಲಿತದ್ದು ಕಾರ್ಡನ್ನೇ. ಆಮೇಲೆ ಒಂದೇ ಬಣ್ಣದ ಬಿಳಿ ರಟ್ಟು ತಂದು, ಕನ್ನಡ ಒಂದು ಬದಿ, ಮಲಯಾಳಂ ಇನ್ನೊಂದು ಬದಿ ಬರೆದು, ಪ್ರತಿ ಖಾನೆಯನ್ನು ಕಲೆಸಿ ತೆಗೆಯುವಂತೆ ಮಾಡಿದೆವು. ಶನಿವಾರದ ಕೇಳ್ವಿ ಮನೆಯಲ್ಲಿ ದೊಡ್ಡ ಮಗಳ ಪಾಲಿಗೆ ಬಂತು. ಅಮ್ಮನಿಗೆ ಪರೀಕ್ಷೆ ಮಾಡುವ ಅವಕಾಶವನ್ನು ಆಕೆ ಒಂದು ವಾರವೂ ಬಿಟ್ಟುಕೊಡಲಿಲ್ಲವಂತೆ.

ಎರಡನೆಯ ದೋಷ ಇದಕ್ಕಿಂತ ಗಂಭೀರವಾದದ್ದು. ಪ್ರಶ್ನೆಗಳನ್ನು ಅವರು ಈಗ ಸ್ಪಷ್ಟವಾಗಿ ಕೇಳುತ್ತಿದ್ದರು, ಆದರೆ ಬಂದ ಉತ್ತರ ಹಿಡಿಯುತ್ತಿರಲಿಲ್ಲ. ಪ್ರಶ್ನೆ ಚೆನ್ನಾಗಿ ಬಂದಷ್ಟೂ ಗಿರಾಕಿ ಇವರಿಗೆ ಮಲಯಾಳಂ ಬರುತ್ತದೆ ಎಂದುಕೊಂಡು ವೇಗವಾಗಿ ಉತ್ತರಿಸುತ್ತಿದ್ದರು, ತೊಂದರೆ ಇನ್ನೂ ಹೆಚ್ಚಾಯಿತು. ಕನ್ನಡದಿಂದ ಮಲಯಾಳಕ್ಕೆ ಹೋಗುವ ಕಾರ್ಡುಗಳಷ್ಟೇ ಇದ್ದದ್ದು ಒಂದು ಕಾರಣ. ಇನ್ನೊಂದು ಕಾರಣ, ವಿಡಿಯೊ ಪಾಠದಲ್ಲಿ ಕೇಳಿದ ಮಲಯಾಳಂ ಮತ್ತು ಕೌಂಟರಿಗೆ ಬರುವ ಮಲಯಾಳಂ ಒಂದೇ ಅಲ್ಲ. ಇಲ್ಲಿಗೆ ಬರುವವರಲ್ಲಿ ಬಹಳ ಮಂದಿಯದು ಉತ್ತರ ಮಲಬಾರಿನ ಮಾತು. ಅಲ್ಲಿನ ಮಾಪಿಳ್ಳೆಗಳ ಮಾತಿನಲ್ಲಿ ನೀರು ಎಂಬರ್ಥದ ವೆಳ್ಳಂ ಬೆಳ್ಳಂ ಆಗುತ್ತದೆ, ಅವನ್ ಅವಳ್ ಎಂಬುವು ಓನ್ ಓಳ್ ಆಗುತ್ತವೆ, ಅಷ್ಟು ಕಷ್ಟಪಟ್ಟು ಕಲಿತ ೞಕಾರ ಎಷ್ಟೋ ಬಾಯಿಗಳಲ್ಲಿ ಯಕಾರವಾಗಿ ಕೇಳಿಸುತ್ತದೆ, ಮಳೆ ಎಂಬರ್ಥದ ಮೞ ಮಯ ಆಗುತ್ತದೆ. ಪಾಠದಲ್ಲಿ ಇದ್ಯಾವುದೂ ಇರಲಿಲ್ಲ. ವಕಾರ ಬಕಾರವಾಗುವುದರಿಂದ ಕೆಲವು ಪದಗಳು ಮರಳಿ ಕನ್ನಡದ ಹತ್ತಿರಕ್ಕೇ ಬರುತ್ತವೆ ಎಂಬುದು ಅವರಿಗೆ ಸಿಕ್ಕಿದ ಸಣ್ಣ ಸಮಾಧಾನ.

ಇಲ್ಲಿ ಮಧ್ಯಾಹ್ನದ ಹದಿಮೂರು ನಿಮಿಷವನ್ನು ಬದಲಿಸಿದೆವು. ಹೊಸ ಕಾರ್ಡುಗಳನ್ನು ಐದರಿಂದ ಮೂರಕ್ಕೆ ಇಳಿಸಿ, ಉಳಿದ ಸಮಯದಲ್ಲಿ ಸಹಾಯಕ ಹುಡುಗ ಗಿರಾಕಿಯಾಗಬೇಕು ಎಂದು ಗೊತ್ತುಮಾಡಿದೆವು. ಆತ ಕುಟ್ಟದ ಕಡೆಯವನು, ಮನೆಯಲ್ಲಿ ಮಲಯಾಳಂ. ನಿಯಮ ಇಷ್ಟೇ: ಅವನು ತನ್ನ ಮನೆಯಲ್ಲಿ ಮಾತಾಡುವ ವೇಗದಲ್ಲೇ ಒಂದು ತೊಂದರೆ ಹೇಳಬೇಕು, ಅವರು ಯಾರಿಗೆ, ಏನು, ಎಷ್ಟು ದಿನ ಎಂಬ ಮೂರನ್ನು ಮಾತ್ರ ಕನ್ನಡದಲ್ಲಿ ತಿರುಗಿ ಹೇಳಬೇಕು.

“ಅಕ್ಕ, ಮೂನ್ನ್ ನಾಲ್ ದಿವಸಮಾಯಿ, ಓಳ್‌ಕ್ಕ್ ಪನಿಯಾ,” ಅಂದರೆ ಮೂರು ನಾಲ್ಕು ದಿನವಾಯಿತು, ಅವಳಿಗೆ ಜ್ವರ ಎಂದು ಅವನು ಮೊದಲ ದಿನ ಹೇಳಿದಾಗ ಅವರಿಗೆ ಸಿಕ್ಕಿದ್ದು ಪನಿ ಮಾತ್ರ. ಸಂಖ್ಯೆಗಳು ಬಾಯಿಪಾಠವಾಗಿದ್ದವು, ಆದರೆ ಒಂದರ ಹಿಂದೆ ಒಂದು ಸೇರಿ ಬಂದಾಗ ಕಿವಿಗೆ ಬೇರೆಬೇರೆಯಾಗಿ ಕೇಳಿಸಲಿಲ್ಲ. ಆದ್ದರಿಂದ ಪ್ರತಿ ಮಧ್ಯಾಹ್ನ ಎರಡು ನಿಮಿಷ ಸಂಖ್ಯೆಯ ಉಕ್ತಲೇಖನ. ಅವನು ದಿನ, ವಯಸ್ಸು, ಮಾತ್ರೆಯ ಲೆಕ್ಕ ಬೆರೆಸಿ ಹೇಳುವುದು, ಅವರು ಅಂಕಿಯಲ್ಲಿ ಬರೆಯುವುದು. ಇದರ ಫಲ ಗೊತ್ತಾಗಲು ಮೂರು ವಾರ ಬೇಕಾಯಿತು. ಗಿರಾಕಿಗಳನ್ನು ಕರೆಯುವ ರೀತಿಯನ್ನೂ ಅವನೇ ತಿದ್ದಿದ. ಅಣ್ಣ, ಅಕ್ಕ ಎಂಬರ್ಥದಲ್ಲಿ ಎಲ್ಲರಿಗೂ ಚೇಟ್ಟಾ, ಚೇಚ್ಚಿ ಎನ್ನುವುದು ಇಲ್ಲಿ ಹೊಂದುವುದಿಲ್ಲ, ಮುಸ್ಲಿಂ ಹಿರಿಯರಿಗೆ ಇಕ್ಕಾ, ಇತ್ತಾ ಎನ್ನಬೇಕು.

ತಪ್ಪಿದ ದಿನಗಳು

ನವೆಂಬರ್ ಕೊನೆಯವರೆಗೆ ದಿನಚರಿ ಹೆಚ್ಚುಕಡಿಮೆ ಸರಿಯಾಗಿ ನಡೆಯಿತು. ಪುತ್ತರಿ ಹಬ್ಬದ ಹೊತ್ತಿಗೆ ತವರಿಗೆ ಹೋದ ಅವರು ಐದು ದಿನ ಪೆಟ್ಟಿಗೆ ಮುಟ್ಟಲಿಲ್ಲ. ಹಿಂತಿರುಗಿದಾಗ ಆ ದಿನದ ಪಾಲೂ ಸೇರಿ ನೂರಕ್ಕೂ ಮಿಕ್ಕಿ ಕಾರ್ಡುಗಳು ಕಾದಿದ್ದವು. ಒಂದೇ ಭಾನುವಾರ ಕುಳಿತು ಎಲ್ಲವನ್ನೂ ಮುಗಿಸಿಬಿಡುವುದು ಸಹಜವಾಗಿ ಹೊಳೆಯುವ ದಾರಿ. ಅದು ಒಳ್ಳೆಯದಲ್ಲ. ದಣಿದು ಮಾಡಿದ ಕೊನೆಯ ಐವತ್ತು ಕಾರ್ಡುಗಳಲ್ಲಿ ತಪ್ಪು ಹೆಚ್ಚಾಗಿ, ಅವೆಲ್ಲ ಮೊದಲ ಖಾನೆಗೆ ಬಂದು, ಮರುದಿನವೇ ಮತ್ತೆ ಅಷ್ಟೇ ಹೊರೆ ನಿಲ್ಲುತ್ತದೆ. ನಾವು ಮಾಡಿದ್ದು ಹೀಗೆ: ಹೊಸ ಕಾರ್ಡ್ ಪೂರ್ತಿ ನಿಲ್ಲಿಸಿ, ಬೆಳಿಗ್ಗೆಯ ಹನ್ನೆರಡು ನಿಮಿಷದಲ್ಲಿ ಆಗುವಷ್ಟನ್ನು, ಅಂದರೆ ನಲವತ್ತು ನಲವತ್ತೈದನ್ನು, ಮೊದಲ ಖಾನೆಯಿಂದ ಆರಂಭಿಸಿ ಮಾಡುವುದು. ಗಡಿಯಾರ ಹನ್ನೆರಡು ನಿಮಿಷ ತೋರಿಸಿದರೆ ನಿಲ್ಲಿಸುವುದು. ಕೊನೆಯ ಖಾನೆಗಳ ಕಾರ್ಡುಗಳು ಕಾದರೂ ನಷ್ಟ ಕಡಿಮೆ, ಎಂಟು ದಿನಕ್ಕೆ ನೋಡಬೇಕಾದದ್ದನ್ನು ಹನ್ನೆರಡನೆಯ ದಿನ ನೋಡಿದರೆ ಬಹುಪಾಲು ನೆನಪಿರುತ್ತದೆ. ನಿನ್ನೆ ಬರೆದದ್ದು ಕಾದರೆ ಮಾತ್ರ ಅಳಿಸಿಹೋಗುತ್ತದೆ. ಒಂದು ವಾರದೊಳಗೆ ಬಾಕಿ ತೀರಿತು.

ಜನವರಿಯಲ್ಲಿ ರೋಬಸ್ಟಾ ಕೊಯ್ಲು ಬಿರುಸಾದಾಗ ಬೇರೆ ತೊಂದರೆ. ತೋಟಗಳಿಗೆ ಕೆಲಸಕ್ಕೆ ಬಂದವರಿಂದ ಅಂಗಡಿಯಲ್ಲಿ ನೂಕುನುಗ್ಗಲು, ಮಧ್ಯಾಹ್ನದ ಬಿಡುವು ಇಲ್ಲವೇ ಇಲ್ಲ, ಸಂತೆಯ ದಿನಗಳಂತೂ ಕೇಳುವುದೇ ಬೇಡ. ಇಂತಹ ದಿನಕ್ಕೆಂದು ಮೊದಲೇ ಒಂದು ಕನಿಷ್ಠ ಪಾಠವನ್ನು ಗೊತ್ತುಮಾಡಿದ್ದೆವು: ಬೆಳಿಗ್ಗೆ ಆರು ನಿಮಿಷ, ಮೊದಲೆರಡು ಖಾನೆಗಳು ಮಾತ್ರ, ಹೊಸದಿಲ್ಲ. ಆ ದಿನದ ಉಳಿದ ಇಪ್ಪತ್ತನಾಲ್ಕು ನಿಮಿಷವನ್ನು ಮರುದಿನಕ್ಕೆ ಸೇರಿಸುವ ಹಾಗಿಲ್ಲ. ಸಾಲದ ಹಾಗೆ ಸೇರಿಸುತ್ತ ಹೋದರೆ ವಾರದ ಕೊನೆಗೆ ಎರಡು ಗಂಟೆಯ ಬಾಕಿ ಎದುರಿಗೆ ನಿಂತು, ಪೆಟ್ಟಿಗೆಯ ಹತ್ತಿರ ಹೋಗುವುದಕ್ಕೇ ಮನಸ್ಸಾಗುವುದಿಲ್ಲ. ಅಚ್ಚರಿಯೆಂದರೆ, ಪಾಠ ಕನಿಷ್ಠಕ್ಕಿಳಿದ ಈ ವಾರಗಳಲ್ಲಿಯೇ ಅವರ ಕಿವಿ ಹೆಚ್ಚು ಸುಧಾರಿಸಿತು. ಕೌಂಟರಿನ ಮುಂದೆ ಜನ ಹೆಚ್ಚಾಗಿ ಸಹಾಯಕನನ್ನು ಕರೆಯಲು ಪುರುಸೊತ್ತಿಲ್ಲದೆ, ಅವರೇ ನಿಭಾಯಿಸಬೇಕಾಯಿತು.

ಫೆಬ್ರುವರಿ ಕೊನೆಯ ಸ್ಥಿತಿ

ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಆರು ದಿನ ಎಂದರೆ ವರ್ಷಕ್ಕೆ ನೂರೈವತ್ತಾರು ಗಂಟೆ. ಐದೂವರೆ ತಿಂಗಳಲ್ಲಿ, ತಪ್ಪಿದ್ದನ್ನು ಕಳೆದರೆ, ಅವರು ಕೊಟ್ಟದ್ದು ಅರವತ್ತು ಗಂಟೆಯ ಆಸುಪಾಸು. ಮಲಯಾಳಂ ಬಂತು ಎನ್ನಲು ಇದು ಸಾಲದು, ಕನ್ನಡಿಗರಿಗೂ ಸಾಲದು. ಆದರೆ ಜ್ವರ, ಕೆಮ್ಮು, ಹೊಟ್ಟೆನೋವು, ಹಲ್ಲುನೋವು, ಮುಗಿದ ಬಿಪಿ ಮಾತ್ರೆಯನ್ನು ಮತ್ತೆ ಕೊಳ್ಳಲು ಬಂದವರು, ಇಂತಹ ದಿನನಿತ್ಯದ ವ್ಯವಹಾರವನ್ನು ಸಹಾಯಕನಿಲ್ಲದೆ ಮುಗಿಸುತ್ತಾರೆ. ಫೋನಿನಲ್ಲಿ ಮಾತ್ರ ಇನ್ನೂ ಕಷ್ಟ, ಮುಖವೂ ಕೈಸನ್ನೆಯೂ ಕಾಣದಿದ್ದರೆ ಅರ್ಧದಷ್ಟು ಅರ್ಥ ಹೋಗಿಬಿಡುತ್ತದೆ. ಮನೆಯ ಕಷ್ಟ ಸುಖ ಬೆರೆಸಿ ದೀರ್ಘವಾಗಿ ಹೇಳುವ ವಯಸ್ಸಾದವರ ಮಾತಿನಲ್ಲಿ ಎಳೆ ತಪ್ಪುತ್ತದೆ.

ಈಗ ಲಿಪಿಯನ್ನು ಆರಂಭಿಸಿದ್ದೇವೆ, ಮಧ್ಯಾಹ್ನದ ಹದಿಮೂರು ನಿಮಿಷದಲ್ಲಿ ಎಂಟು ನಿಮಿಷ ಅದಕ್ಕೆ. ವರ್ಣಮಾಲೆಯ ಕ್ರಮ ನಮ್ಮದೇ ಆದ್ದರಿಂದ ಅಕ್ಷರಗಳು ಬೇಗ ಹಿಡಿಯುತ್ತಿವೆ. ಗೊಂದಲವಾಗುತ್ತಿರುವುದು ಬೇರೆ ಕಡೆ. ಇಷ್ಟು ದಿನ ಕೇಳಿದಂತೆ ಗುಳಿಗ ಎಂದು ಬರೆದುಕೊಂಡದ್ದು ಮಲಯಾಳಂ ಕಾಗುಣಿತದಲ್ಲಿ ಗುಳಿಕ ಎಂದಿರುತ್ತದೆ, ಪದದ ನಡುವಿನ ಕಕಾರವನ್ನು ಮೆತ್ತಗೆ ಗಕಾರದಂತೆ ಆಡುತ್ತಾರೆ. ಕನ್ನಡ ಲಿಪಿಯಿಂದ ಆರಂಭಿಸಿದ್ದಕ್ಕೆ ತೆರಬೇಕಾದ ಬೆಲೆ ಇದು. ಅದನ್ನು ಐದು ತಿಂಗಳ ನಂತರ ತೆರುವುದು ಮೊದಲ ವಾರದಲ್ಲಿ ತೆರುವುದಕ್ಕಿಂತ ಅಗ್ಗ ಎಂದೇ ನನ್ನ ಅಭಿಪ್ರಾಯ.

ಒಂದು ನಿಯಮವನ್ನು ಮೊದಲ ದಿನದಿಂದ ಇಂದಿನವರೆಗೆ ಸಡಿಲಿಸಿಲ್ಲ. ಔಷಧಿಯ ಪ್ರಮಾಣವನ್ನು ಬಾಯಿಮಾತಿಗಷ್ಟೇ ಬಿಡುವ ಹಾಗಿಲ್ಲ. ಕವರಿನ ಮೇಲೆ 1-0-1 ಎಂದು ಬರೆದು, ಬೆಳಿಗ್ಗೆ ರಾತ್ರಿಯ ಜಾಗವನ್ನು ಬೆರಳಿಟ್ಟು ತೋರಿಸಿ, ಗಿರಾಕಿಯ ಬಾಯಲ್ಲಿ ಅದನ್ನು ತಿರುಗಿ ಹೇಳಿಸಿಕೊಳ್ಳಬೇಕು. ಚಿಕ್ಕ ಮಕ್ಕಳ ಸಿರಪ್ಪಿನ ಎಂಎಲ್ ಲೆಕ್ಕ ಮತ್ತು ಇನ್ಸುಲಿನ್ ಬಂದಾಗ ಅಂಗಡಿಯಲ್ಲಿ ಎಷ್ಟೇ ಜನರಿದ್ದರೂ ಸಹಾಯಕನನ್ನು ಕರೆಯಲೇಬೇಕು. ಈ ಎರಡು ವಿಷಯಗಳ ಕಾರ್ಡುಗಳನ್ನು ಇನ್ನೂ ಬರೆದಿಲ್ಲ. ಶನಿವಾರದ ಕೇಳ್ವಿಯಲ್ಲಿ ಸಂಖ್ಯೆಯ ಉಕ್ತಲೇಖನ ಸತತವಾಗಿ ಒಂದು ತಿಂಗಳು ತಪ್ಪಿಲ್ಲದೆ ಬಂದ ಮೇಲೆ ಬರೆಯುವುದೆಂದು ಅವರೇ ಹೇಳಿದ್ದಾರೆ.